ಬರೆದ ಭಾಷಣವನ್ನು ಆಡುವ ಮಾತಾಗಿಸುವುದು ಹೇಗೆ?

ಪ್ರಶ್ನೆ: ನಾನು ಹಾಸನ ಕಡೆಯವಳು, ಈಗ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ಕೃಷಿ ಅಧಿಕಾರಿ. ಮುಂಗಾರು ಬಿತ್ತನೆಗೆ ಮೊದಲು ಹಳ್ಳಿಗಳಲ್ಲಿ ತೊಗರಿ ಬೆಳೆಗಾರರಿಗೆ ನೆಟೆ ರೋಗದ ಬಗ್ಗೆ ಹತ್ತು ನಿಮಿಷ ಮಾತನಾಡಬೇಕು. ಬರೆದುಕೊಂಡು ಹೋದರೆ ಸುತ್ತೋಲೆ ಓದಿದಂತಾಗುತ್ತದೆ. ಕಠಿಣ ಪದಗಳನ್ನು ತೆಗೆದು ನೋಡಿದೆ, ಆದರೂ ಮಾತಿನಂತೆ ಬರುತ್ತಿಲ್ಲ. ಏನು ಮಾಡಲಿ ಸರ್? ನಾನೂ ಇಲ್ಲಿಯವರ ಹಾಗೆ ‘ಅದ’, ‘ಇಲ್ರಿ’ ಅನ್ನಬೇಕೆ?

ಉತ್ತರ: ಪದಗಳನ್ನು ಬದಲಾಯಿಸಿದ ಮೇಲೂ ಭಾಷಣ ಬರಹದಂತೆಯೇ ಕೇಳಿಸುತ್ತಿದ್ದರೆ ತೊಡಕು ಪದಗಳಲ್ಲಿ ಇಲ್ಲ, ವಾಕ್ಯದ ಕಟ್ಟಿನಲ್ಲಿದೆ. ಕನ್ನಡ ವಾಕ್ಯದ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ. ಬರೆಯುವವರು ಈ ಅನುಕೂಲವನ್ನು ಬಳಸಿಕೊಂಡು, ರೋಗದ ಕಾರಣ, ಅದರ ಹೆಸರು, ಮಾಡಬೇಕಾದ ಕೆಲಸ, ಅದರ ಪ್ರಮಾಣ ಎಲ್ಲವನ್ನೂ ಒಂದರ ಹಿಂದೊಂದು ಪೇರಿಸಿ, ಅವುಗಳಿಗೆಲ್ಲ ಸೇರಿಸಿ ಕೊನೆಗೆ ಒಂದೇ ಒಂದು ‘ಅವಶ್ಯಕವಾಗಿರುತ್ತದೆ’ಯನ್ನು ಇಡುತ್ತಾರೆ. ಓದುವವರು ಬೇಕಾದರೆ ವಾಕ್ಯದ ಆರಂಭಕ್ಕೆ ಮರಳಿ ನೋಡಬಹುದು. ಕೇಳುವವರಿಗೆ ಹಾಗೆ ಮರಳುವ ದಾರಿಯಿಲ್ಲ. ಕ್ರಿಯಾಪದ ಬರುವವರೆಗೂ ಅವರು ಎಲ್ಲವನ್ನೂ ಮನಸ್ಸಿನಲ್ಲಿ ಹಿಡಿದುಕೊಂಡೇ ಇರಬೇಕು. ಆದುದರಿಂದ ಮೊದಲು ಬಿಡಿಸಬೇಕಾದದ್ದು ವಾಕ್ಯವನ್ನು. ಪದಗಳ ಸರದಿ ಆಮೇಲಿನದು, ಊರಿನ ನುಡಿಯ ಸರದಿ ಅದಕ್ಕೂ ಆಮೇಲಿನದು.

ನೀವು ಬರೆದ ಭಾಷಣ ನನ್ನ ಮುಂದಿಲ್ಲವಾದರೂ, ಬಾನುಲಿಯ ಕೃಷಿ ಮಾತುಗಳ ಹಸ್ತಪ್ರತಿಗಳನ್ನು ತಿದ್ದುವಾಗ ನಾನು ಮತ್ತೆ ಮತ್ತೆ ಕಂಡ ಮಾದರಿಯ ವಾಕ್ಯವೊಂದನ್ನು ಇಲ್ಲಿ ಬರೆದು ತೋರಿಸುತ್ತೇನೆ. ಅದು ಹೀಗಿರುತ್ತದೆ:

“ತೊಗರಿ ಬೆಳೆಯಲ್ಲಿ ಮಣ್ಣಿನ ಮೂಲಕ ಹರಡುವ ಶಿಲೀಂಧ್ರದಿಂದ ಉಂಟಾಗುವ ನೆಟೆ ರೋಗದ ಪರಿಣಾಮಕಾರಿ ನಿಯಂತ್ರಣಕ್ಕಾಗಿ ರೈತ ಬಾಂಧವರು ಬಿತ್ತನೆಗೆ ಮುಂಚಿತವಾಗಿ ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಪ್ರಮಾಣದಲ್ಲಿ ಟ್ರೈಕೋಡರ್ಮಾದಿಂದ ಬೀಜೋಪಚಾರ ಕೈಗೊಳ್ಳುವುದು, ರೋಗ ನಿರೋಧಕ ತಳಿಗಳನ್ನು ಆಯ್ಕೆ ಮಾಡಿಕೊಳ್ಳುವುದು ಹಾಗೂ ರೋಗಪೀಡಿತ ಗಿಡಗಳನ್ನು ಕಿತ್ತು ನಾಶಪಡಿಸುವುದು ಅತ್ಯವಶ್ಯಕವಾಗಿರುತ್ತದೆ.”

ವ್ಯಾಕರಣದಲ್ಲಿ ಇದು ನಿರ್ದೋಷವಾದ ವಾಕ್ಯ, ಕರಪತ್ರದಲ್ಲಿ ಅಚ್ಚಾದರೆ ಯಾರೂ ಆಕ್ಷೇಪಿಸುವುದಿಲ್ಲ. ಇದನ್ನು ಸಭೆಯಲ್ಲಿ ಓದಿದಾಗ ಏನಾಗುತ್ತದೆ ಎಂಬುದನ್ನು ನೋಡೋಣ. ರೋಗದ ಹೆಸರು ಬರುವುದಕ್ಕೆ ಮೊದಲೇ ‘ಹರಡುವ’ ಮತ್ತು ‘ಉಂಟಾಗುವ’ ಎಂಬ ಎರಡು ವಿಶೇಷಣಗಳು ಬಂದಿವೆ. ಯಾವುದನ್ನು ವಿಶೇಷಿಸುತ್ತಿದ್ದೇವೆ ಎಂಬುದು ತಿಳಿಯದೆಯೇ ಕೇಳುವವರು ಆ ವಿಶೇಷಣಗಳನ್ನು ಕೇಳಬೇಕಾಗಿದೆ. ಇನ್ನು ‘ಕೈಗೊಳ್ಳುವುದು’, ‘ಆಯ್ಕೆ ಮಾಡಿಕೊಳ್ಳುವುದು’, ‘ನಾಶಪಡಿಸುವುದು’ ಎಂಬ ಮೂರು ಕೆಲಸಗಳೂ ಕ್ರಿಯೆಗಳಾಗಿ ಉಳಿಯದೆ ನಾಮಪದಗಳಾಗಿ ನಿಂತುಬಿಟ್ಟಿವೆ. ರೈತರಿಗೆ ‘ಮಾಡಿ’ ಎಂದು ಯಾರೂ ಹೇಳಿಲ್ಲ. ಮಾಡುವುದು ಅವಶ್ಯಕ ಎಂದು ಯಾರಿಗೋ ವರದಿ ಒಪ್ಪಿಸಿದಂತಿದೆ. ಮೂರು ಕೆಲಸಗಳ ಕಾಲವೂ ಬೇರೆ ಬೇರೆ ಎಂಬುದು ಇಲ್ಲಿ ಮುಚ್ಚಿಹೋಗಿದೆ. ತಳಿಯನ್ನು ಆರಿಸುವುದು ಬೀಜ ಕೊಳ್ಳುವಾಗ, ಉಪಚಾರ ಮಾಡುವುದು ಬಿತ್ತುವ ಮುಂಚೆ, ಗಿಡ ಕೀಳುವುದು ಕೆಲವು ತಿಂಗಳುಗಳ ನಂತರ. ವಾಕ್ಯದಲ್ಲಿ ಮಾತ್ರ ಎರಡನೆಯದು ಮೊದಲು ಬಂದಿದೆ.

ಇಂಥ ವಾಕ್ಯವನ್ನು ಬಿಡಿಸುವಾಗ ನಾನು ಮೊದಲು ಮಾಡುವ ಕೆಲಸವೆಂದರೆ ಕಾಗದವನ್ನು ಬದಿಗಿಟ್ಟು, ಅದರಲ್ಲಿ ಎಷ್ಟು ಸಂಗತಿಗಳಿವೆ ಎಂದು ಎಣಿಸುವುದು. ಮೇಲಿನ ವಾಕ್ಯದಲ್ಲಿ ಏಳು ಸಂಗತಿಗಳಿವೆ: ರೋಗದ ಹೆಸರು, ಅದು ಶಿಲೀಂಧ್ರದಿಂದ ಬರುತ್ತದೆಂಬುದು, ಮಣ್ಣಿನಲ್ಲಿ ಇರುತ್ತದೆಂಬುದು, ತಳಿ, ಉಪಚಾರ, ಅದರ ಪ್ರಮಾಣ, ರೋಗ ಬಂದ ಗಿಡವನ್ನು ಕೀಳುವುದು. ಇವುಗಳಲ್ಲಿ ಒಂದನ್ನು, ಅಂದರೆ ಶಿಲೀಂಧ್ರ ಎಂಬುದನ್ನು, ಬಿಟ್ಟರೂ ರೈತರು ಮಾಡಬೇಕಾದ ಕೆಲಸದಲ್ಲಿ ವ್ಯತ್ಯಾಸವಾಗುವುದಿಲ್ಲ. ಯಾರಾದರೂ ಕೇಳಿದರೆ ‘ಬೂಷ್ಟಿನ ಜಾತಿಯದು, ಕಣ್ಣಿಗೆ ಕಾಣುವುದಿಲ್ಲ’ ಎಂದು ಹೇಳಿದರಾಯಿತು. ಆದರೆ ಮಣ್ಣಿನಲ್ಲಿ ಇರುತ್ತದೆ ಎಂಬುದನ್ನು ಬಿಡಲಾಗದು, ಏಕೆಂದರೆ ಉಳಿದ ಸಲಹೆಗಳೆಲ್ಲ ಅದರ ಮೇಲೆಯೇ ನಿಂತಿವೆ. ರೋಗ ಮಣ್ಣಿನಲ್ಲಿ ಇರುವುದರಿಂದಲೇ ಗಿಡ ಬಾಡಿದ ಮೇಲೆ ಮೇಲಿನಿಂದ ಔಷಧಿ ಸಿಂಪಡಿಸಿ ಆ ಗಿಡವನ್ನು ಉಳಿಸಲು ಬರುವುದಿಲ್ಲ, ಆದ್ದರಿಂದಲೇ ಬಿತ್ತುವುದಕ್ಕೆ ಮೊದಲು ಎಚ್ಚರ ವಹಿಸಬೇಕು. ಬರಹದಲ್ಲಿ ಒಂದು ವಿಶೇಷಣವಾಗಿ ಮೂಲೆ ಸೇರಿದ್ದ ಈ ಸಂಗತಿ ಮಾತಿನಲ್ಲಿ ಎರಡು ಮೂರು ಸ್ವತಂತ್ರ ವಾಕ್ಯಗಳಷ್ಟು ಜಾಗ ಕೇಳುತ್ತದೆ.

ಎರಡನೆಯದಾಗಿ ಕ್ರಮವನ್ನು ಬದಲಾಯಿಸಬೇಕು. ಬರಹ ಕಾರಣದಿಂದ ಆರಂಭವಾಗುತ್ತದೆ. ಮಾತು ಕೇಳುವವರು ಈಗಾಗಲೇ ಕಂಡಿರುವುದರಿಂದ ಆರಂಭವಾಗಬೇಕು. ಆಳಂದದ ರೈತರಿಗೆ ನೆಟೆ ರೋಗ ಹೊಸದಲ್ಲ. ಹೂವು ಕಾಯಿ ಬರುವ ಹೊತ್ತಿಗೆ, ಸುತ್ತಲಿನ ಗಿಡಗಳು ಹಸಿರಾಗಿರುವಾಗಲೇ ನಡುವೆ ಕೆಲವು ಗಿಡಗಳು ನಿಂತಲ್ಲೇ ಒಣಗುವುದನ್ನು ಅವರು ಕಂಡಿದ್ದಾರೆ. ಅಲ್ಲಿಂದ ಹೊರಟರೆ ರೋಗದ ಹೆಸರು ತಾನಾಗಿಯೇ ತನ್ನ ಜಾಗದಲ್ಲಿ ಬಂದು ಕೂರುತ್ತದೆ, ಯಾವ ವಿಶೇಷಣವೂ ಬೇಕಾಗುವುದಿಲ್ಲ.

ಹೀಗೆ ಬಿಡಿಸಿದ ಮೇಲೆ ನಿಮ್ಮ ಬಾಯಲ್ಲಿ ಅದು ಸುಮಾರು ಈ ರೀತಿ ಬರಬಹುದು:

“ಹೋದ ವರ್ಷ ತೊಗರಿ ಹೂವಿಗೆ ಬಂದಾಗ ಕೆಲವು ಗಿಡ ನಿಂತಲ್ಲೇ ಒಣಗಿದ್ದು ನೀವೇ ನೋಡಿದ್ದೀರಿ. ಪಕ್ಕದ ಗಿಡ ಹಸಿರು, ಇದು ಒಣಕಲು. ನೀರು ಸಾಲದೆ ಆಗಿದ್ದಲ್ಲ ಅದು. ಆ ಗಿಡ ಕಿತ್ತು, ಕಾಂಡ ಸೀಳಿ ನೋಡಿದರೆ ಒಳಗಡೆ ಕಪ್ಪು ಗೆರೆ ಕಾಣುತ್ತೆ. ಅದೇ ನೆಟೆ ರೋಗ. ಈ ರೋಗ ಇರೋದು ಎಲ್ಲಿ? ಮಣ್ಣಲ್ಲಿ. ರಾಶಿ ಮುಗಿದ ಮೇಲೂ ಹೊಲದಲ್ಲಿ ಉಳಿದ ಬೇರಲ್ಲಿ, ಕೂಳೆಯಲ್ಲಿ ಇದ್ದೇ ಇರುತ್ತೆ. ಅಲ್ಲಿಂದ ಬೇರಿಗೆ ಹತ್ತುತ್ತೆ. ಅದಕ್ಕೇ ಗಿಡ ಒಣಗಿದ ಮೇಲೆ ಔಷಧಿ ಹೊಡೆದರೆ ದುಡ್ಡು ಹೋಗುತ್ತೆ, ಗಿಡ ಬರಲ್ಲ. ಏನು ಮಾಡೋದಿದ್ದರೂ ಬಿತ್ತೋ ಮುಂಚೆ ಮಾಡಬೇಕು. ಮೊದಲು ಬೀಜ. ಈ ರೋಗ ತಡೆಯೋ ತಳಿ ಇದೆ, ಟಿಎಸ್ 3ಆರ್ ಅಂತ, ನಿಮ್ಮಲ್ಲಿ ಹಲವರು ಹಾಕಿದ್ದೀರಿ. ನೆಟೆ ಬಂದ ಹೊಲಕ್ಕೆ ಅಂಥದ್ದನ್ನೇ ತನ್ನಿ. ಆಮೇಲೆ, ಬಿತ್ತೋ ಮುಂಚೆ ಆ ಬೀಜಕ್ಕೆ ಟ್ರೈಕೋಡರ್ಮಾ ಪುಡಿ ಹಚ್ಚಿ.”

ಇದು ಮೂಲ ವಾಕ್ಯದ ಎರಡು ಪಟ್ಟಿಗಿಂತ ಹೆಚ್ಚು ಉದ್ದವಾಗಿದೆ, ಇನ್ನೂ ಪ್ರಮಾಣವನ್ನೂ ಗಿಡ ಕೀಳುವುದನ್ನೂ ಮುಟ್ಟಿಲ್ಲ ಎಂಬುದನ್ನು ಗಮನಿಸಿ. ಚಿಕ್ಕ ವಾಕ್ಯಗಳ ಭಾಷಣ ಚಿಕ್ಕದಾಗುತ್ತದೆ ಎಂಬ ಎಣಿಕೆ ಸರಿಯಲ್ಲ, ಅದು ಬೆಳೆಯುತ್ತದೆ. ಕೆಲಸ ಕಲಿಸುವ ಮಾತಿಗೆ ನಾನು ನಿಮಿಷಕ್ಕೆ 80ರಿಂದ 90 ಪದಗಳ ಲೆಕ್ಕ ಹಿಡಿಯುತ್ತೇನೆ, ಅಂದರೆ ಹತ್ತು ನಿಮಿಷಕ್ಕೆ ಹೆಚ್ಚೆಂದರೆ 900 ಪದಗಳು. ನೀವು ಬರೆದದ್ದು ಈಗಾಗಲೇ ಅಷ್ಟಿದ್ದರೆ, ಮಾತಿಗೆ ತಿರುಗಿಸಿದಾಗ ಅದು ಇಪ್ಪತ್ತು ನಿಮಿಷ ಮೀರುತ್ತದೆ. ಹಾಗಾದಾಗ ವೇಗವಾಗಿ ಓದಿ ಮುಗಿಸಲು ಹೋಗಬೇಡಿ. ವಿಷಯಗಳನ್ನೇ ಕಡಿಮೆ ಮಾಡಿ. ನಿಮ್ಮ ಸಭೆಗೆ ತಳಿ, ಬೀಜೋಪಚಾರ ಮತ್ತು ಒಣಗಿದ ಗಿಡದ ವಿಲೇವಾರಿ, ಈ ಮೂರು ಸಾಕು. ಕಾಯಿಕೊರಕದ ವಿಷಯ, ಕುಡಿ ಚಿವುಟುವ ವಿಷಯ ಮುಖ್ಯವೇ ಆದರೂ ಅವುಗಳ ಕಾಲ ಬೇರೆ. ಬಿತ್ತಿ ಒಂದೂವರೆ ತಿಂಗಳಾದ ಮೇಲೆ ಮಾಡಬೇಕಾದ ಕುಡಿ ಚಿವುಟುವಿಕೆಯನ್ನು ಬಿತ್ತುವ ಮೊದಲೇ ಹೇಳಿದರೆ ಅದು ನೆನಪಿನಲ್ಲಿ ಉಳಿಯುವುದು ಕಷ್ಟ.

ವಾಕ್ಯಗಳನ್ನು ಚಿಕ್ಕದಾಗಿಸುವುದರಲ್ಲಿಯೂ ಒಂದು ವಿವೇಚನೆ ಬೇಕು. ಎಲ್ಲ ವಾಕ್ಯಗಳನ್ನೂ ಮೂರು ಮೂರು ಪದಗಳಿಗೆ ಕತ್ತರಿಸಿದರೆ ಒಂದನೆಯ ತರಗತಿಯ ಪಾಠ ಓದಿದಂತೆ ಕೇಳಿಸುತ್ತದೆ, ಹಿರಿಯ ರೈತರಿಗೆ ಅದರಿಂದ ಮುಜುಗರವಾಗುತ್ತದೆ. ನಮ್ಮ ಜನ ಸಹಜವಾಗಿ ಮಾತನಾಡುವಾಗ ಚಿಕ್ಕ ವಾಕ್ಯಗಳನ್ನಷ್ಟೇ ಆಡುವುದಿಲ್ಲ. ‘ಬೀಜ ತಂದು, ಸೋಸಿ, ಕಲ್ಲು ಕಡ್ಡಿ ತೆಗೆದು, ನೆರಳಿಗೆ ಹರವಿ, ಪುಡಿ ಹಚ್ಚಿ, ಒಂದಿಷ್ಟು ಹೊತ್ತು ಬಿಟ್ಟು ಬಿತ್ತಬೇಕು’ ಎಂಬುದು ಉದ್ದವಾದ ವಾಕ್ಯವೇ, ಆದರೂ ಕಟ್ಟೆಯ ಮೇಲೆ ಕುಳಿತವರು ದಿನವೂ ಆಡುವ ಮಾದರಿಯ ವಾಕ್ಯ. ಇಲ್ಲಿ ಕ್ರಿಯೆಗಳು ನಡೆಯುವ ಕ್ರಮದಲ್ಲಿಯೇ ಬರುತ್ತವೆ. ಕೇಳುವವರು ‘ತಂದು’ ಎಂಬುದನ್ನು ಕೇಳಿ ಅರ್ಥಮಾಡಿಕೊಂಡು ಬಿಟ್ಟುಬಿಡಬಹುದು, ಕೊನೆಯವರೆಗೆ ಹಿಡಿದಿಟ್ಟುಕೊಳ್ಳಬೇಕಾಗಿಲ್ಲ. ‘ಸೋಸಿ’, ‘ಹರವಿ’, ‘ಹಚ್ಚಿ’ ಎಂಬಂಥ ರೂಪಗಳ ಸರಪಳಿ ಮಾತಿಗೆ ಒಗ್ಗುತ್ತದೆ. ‘ಹರಡುವ’, ‘ಉಂಟಾಗುವ’, ‘ಶಿಫಾರಸು ಮಾಡಲ್ಪಟ್ಟ’ ಎಂಬಂಥ ರೂಪಗಳನ್ನು ನಾಮಪದದ ಮುಂದೆ ಸಾಲಾಗಿ ನಿಲ್ಲಿಸಿದಾಗಲೇ ಕೇಳುಗರಿಗೆ ಭಾರವಾಗುವುದು. ನಿಮ್ಮ ಪ್ರತಿಯನ್ನು ತಿದ್ದುವಾಗ ಉದ್ದವನ್ನು ಅಳೆಯುವುದಕ್ಕಿಂತ ಒಂದೇ ನಾಮಪದಕ್ಕೆ ಇಂಥ ಎರಡು ವಿಶೇಷಣಗಳು ಎಲ್ಲಿ ಸೇರಿವೆ ಎಂಬುದನ್ನು ಹುಡುಕಿ ಗೆರೆ ಹಾಕಿ. ಒಂದಿದ್ದರೆ ಇರಲಿ, ಎರಡಿದ್ದರೆ ಒಂದನ್ನು ಬಿಡಿಸಿ ಬೇರೆ ವಾಕ್ಯ ಮಾಡಬೇಕು.

ಮಾತಿಗೆ ಇನ್ನೊಂದು ಸ್ವಾತಂತ್ರ್ಯವಿದೆ, ಬರಹದಲ್ಲಿ ನಾವು ಅದನ್ನು ಹೆಚ್ಚಾಗಿ ಬಳಸುವುದಿಲ್ಲ. ಕ್ರಿಯಾಪದ ಮುಗಿದ ಮೇಲೂ ಒಂದು ವಿವರವನ್ನು ಸೇರಿಸಬಹುದು. ‘ಬೀಜವನ್ನು ನೆರಳಿನಲ್ಲಿ ಒಣಗಿಸಬೇಕು’ ಎಂದು ಬರೆಯುತ್ತೇವೆ. ಆಡುವಾಗ ‘ಬೀಜ ಒಣಗಿಸಬೇಕು, ನೆರಳಲ್ಲಿ, ಬಿಸಿಲಲ್ಲಿ ಅಲ್ಲ’ ಎನ್ನುತ್ತೇವೆ. ಮುಖ್ಯ ಕೆಲಸ ಮೊದಲು ತಿಳಿಯುತ್ತದೆ, ಷರತ್ತು ಅದರ ಬೆನ್ನಿಗೇ ಬರುತ್ತದೆ. ಟ್ರೈಕೋಡರ್ಮಾ ಜೀವವಿರುವ ವಸ್ತುವಾದುದರಿಂದ ಬಿಸಿಲಿನಲ್ಲಿ ಒಣಗಿಸಿದರೆ ಅದರ ಶಕ್ತಿ ಕುಂದುತ್ತದೆ. ಅಂದರೆ ಇಲ್ಲಿ ನೆರಳು ಎಂಬುದು ರೈತರು ಮರೆಯಬಾರದ ಮಾತು, ಮರೆಯಬಾರದ ಮಾತಿಗೆ ವಾಕ್ಯದ ಕೊನೆಯ ಜಾಗ ಒಳ್ಳೆಯದು.

ಇನ್ನು ಪ್ರಮಾಣದ ವಿಷಯ. ಸರಳಗೊಳಿಸುವ ಭರದಲ್ಲಿ ಹೆಚ್ಚು ಹಾನಿಯಾಗುವುದು ಇಲ್ಲಿಯೇ. ‘ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ’ ಎಂಬುದನ್ನು ‘ಸ್ವಲ್ಪ ಪುಡಿ’ ಎಂದೋ ‘ಒಂದು ಚಮಚ’ ಎಂದೋ ಹೇಳಿದರೆ ಮಾತು ಸರಳವಾಗಬಹುದು, ಆದರೆ ತಪ್ಪಾಗುತ್ತದೆ. ಚಮಚಗಳ ಅಳತೆ ಮನೆಯಿಂದ ಮನೆಗೆ ಬೇರೆ, ಪುಡಿಯ ತೂಕವೂ ಒಂದೇ ಇರುವುದಿಲ್ಲ. ಅಂಕಿಯನ್ನು ಹಾಗೆಯೇ ಉಳಿಸಿ, ಅದನ್ನು ರೈತರು ನಿಜವಾಗಿ ಅಳೆಯುವ ಘಟಕಕ್ಕೆ ತಂದು ಮತ್ತೊಮ್ಮೆ ಹೇಳಬೇಕು. ‘ಒಂದು ಕಿಲೋ ಬೀಜಕ್ಕೆ 4 ಗ್ರಾಂ. ಎಕರೆಗೆ 5 ಕಿಲೋ ಬೀಜ ಇಟ್ಟುಕೊಂಡರೆ 20 ಗ್ರಾಂ ಆಯಿತು. ಐದೆಕರೆ ಇದ್ದವರಿಗೆ 100 ಗ್ರಾಂ.’ ಮೂರು ಚಿಕ್ಕ ವಾಕ್ಯಗಳಲ್ಲಿ ಒಂದೇ ಅಂಕಿ ಮೂರು ರೂಪದಲ್ಲಿ ಬಂತು. ಕೊನೆಯದು ಅಂಗಡಿಯಲ್ಲಿ ಕೇಳಬೇಕಾದ ತೂಕ. ಪೊಟ್ಟಣವನ್ನು ಕೈಯಲ್ಲಿ ಹಿಡಿದು ಈ ಮಾತು ಹೇಳಿದರೆ ಟ್ರೈಕೋಡರ್ಮಾ ಎಂಬ ಹೆಸರನ್ನು ವಿವರಿಸುವ ಕೆಲಸವೂ ತಪ್ಪುತ್ತದೆ. ಆ ಹೆಸರನ್ನು ಮಾತ್ರ ಬದಲಾಯಿಸಬೇಡಿ. ‘ಜೈವಿಕ ಶಿಲೀಂಧ್ರನಾಶಕ’ ಎಂದು ಅನುವಾದಿಸಿದರೆ ರೈತರು ಅಂಗಡಿಗೆ ಹೋಗಿ ಏನು ಕೇಳಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಕೊಳ್ಳುವ ವಸ್ತುವಿನ ಹೆಸರು, ತಳಿಯ ಹೆಸರು, ದಾಖಲೆಯ ಹೆಸರು ಎಷ್ಟೇ ಪರಭಾಷೆಯದಾಗಿದ್ದರೂ ಕೌಂಟರಿನಲ್ಲಿ ಕೇಳಬೇಕಾದ ರೂಪದಲ್ಲಿಯೇ ಇರಬೇಕು.

ಪದಗಳ ಆಯ್ಕೆಗೂ ಇದೇ ಅಳತೆ ಸಾಕಾಗುತ್ತದೆ. ಸಂಸ್ಕೃತದ ಪದವೆಲ್ಲ ಕಠಿಣ, ದೇಶಿ ಪದವೆಲ್ಲ ಸುಲಭ ಎಂಬುದು ನಿಜವಲ್ಲ. ‘ರೋಗ’, ‘ಔಷಧಿ’, ‘ವರ್ಷ’ ಎಲ್ಲರ ಬಾಯಲ್ಲಿರುವ ಪದಗಳು. ಕಲಬುರಗಿ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಚೇರಿಯ ಭಾಷೆ ಉರ್ದುವಾಗಿತ್ತು. ಆದ್ದರಿಂದ ಉರ್ದುವಿನ ಮೂಲಕ ಬಂದ ಕಚೇರಿಯ ಪದಗಳು ಇಲ್ಲಿನ ಹಿರಿಯರಿಗೆ ಅಚ್ಚಗನ್ನಡದ ಹೊಸ ಪದಗಳಿಗಿಂತ ಹತ್ತಿರ. ಆಳಂದದಲ್ಲಿ ಮರಾಠಿಯ ಸೋಂಕೂ ಇದೆ. ಪಹಣಿ, ಅರ್ಜಿ, ಜಮಾ, ಬಾಕಿ, ದಾಖಲೆ ಎಂಬ ಪದಗಳನ್ನು ಧಾರಾಳವಾಗಿ ಬಳಸಿ. ತೆಗೆಯಬೇಕಾದದ್ದು ಕಡತದಲ್ಲಷ್ಟೇ ಬದುಕುವ ‘ಸದರಿ’, ‘ಮೇಲ್ಕಂಡ’, ‘ಕೈಗೊಳ್ಳುವುದು’, ‘ಕ್ರಮ ವಹಿಸುವುದು’, ‘ಹಮ್ಮಿಕೊಳ್ಳಲಾಗಿದೆ’ ಎಂಬಂಥವನ್ನು. ‘ಬಿತ್ತನೆ ಕಾರ್ಯ’ ಎಂಬಲ್ಲಿ ‘ಕಾರ್ಯ’ಕ್ಕೆ ಕೆಲಸವಿಲ್ಲ, ‘ಬಿತ್ತುವುದು’ ಎಂದರೆ ಸಾಕು.

ಕಚೇರಿಯ ಕನ್ನಡದ ಒಂದು ಅಭ್ಯಾಸವನ್ನು ಮಾತ್ರ ಪ್ರತ್ಯೇಕವಾಗಿ ಹೇಳಲೇಬೇಕು, ಅದು ‘ಲಾಗುವುದು’, ‘ಲಾಗಿದೆ’ ಎಂಬ ಕರ್ತೃವಿಲ್ಲದ ಕ್ರಿಯಾಪದ. ‘ಎಫ್‌ಐಡಿ ಹೊಂದಿರುವ ರೈತರಿಗೆ ರೈತ ಸಂಪರ್ಕ ಕೇಂದ್ರದ ಮೂಲಕ ರಿಯಾಯಿತಿ ದರದಲ್ಲಿ ಬೀಜ ವಿತರಿಸಲಾಗುವುದು’ ಎಂದು ಓದಿದಾಗ, ಯಾರೋ ಹಳ್ಳಿಗೆ ಬಂದು ಬೀಜ ಕೊಟ್ಟು ಹೋಗುತ್ತಾರೆ ಎಂದು ರೈತರು ತಿಳಿದರೆ ಅದು ಅವರ ತಪ್ಪಲ್ಲ. ವಾಕ್ಯದಲ್ಲಿ ಯಾರು ಏನು ಮಾಡಬೇಕು ಎಂಬುದೇ ಇಲ್ಲ. ಇದನ್ನು ಬಿಡಿಸುವಾಗ ನೀವು ಇಲ್ಲದ ಕರ್ತೃವನ್ನು ಹುಡುಕಿ ತರಬೇಕು, ಆಗ ಮುಚ್ಚಿಹೋದ ಪ್ರಶ್ನೆಗಳೂ ಎದುರಿಗೆ ಬರುತ್ತವೆ: ಹೋಗಬೇಕಾದವರು ಯಾರು, ಏನನ್ನು ಒಯ್ಯಬೇಕು, ಎಫ್‌ಐಡಿ ಎಂಬ ರೈತರ ಗುರುತಿನ ಸಂಖ್ಯೆ ಇಲ್ಲದವರು ಏನು ಮಾಡಬೇಕು. ‘ಬೀಜ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುತ್ತೆ, ನೀವೇ ಬರಬೇಕು. ಬರುವಾಗ ಆಧಾರ್ ತನ್ನಿ, ಎಫ್‌ಐಡಿ ನಂಬರ್ ತನ್ನಿ. ನಂಬರ್ ಇಲ್ಲದವರು ಪಹಣಿ ತಂದು ಮೊದಲು ಅದನ್ನು ಮಾಡಿಸಿಕೊಳ್ಳಿ, ನಾವು ಮಾಡಿಕೊಡುತ್ತೇವೆ.’ ಈ ಕೊನೆಯ ‘ನಾವು’ ಎಂಬುದು ಬರೆದ ಪ್ರತಿಯಲ್ಲಿ ಎಲ್ಲಿಯೂ ಇರಲಿಲ್ಲ, ಸಭೆಯವರಿಗೆ ಅದು ಎಲ್ಲಕ್ಕಿಂತ ಬೇಕಾದ ಮಾತು. ದಾಖಲೆಗಳ ಪಟ್ಟಿಯನ್ನು ಆಯಾ ಹಂಗಾಮಿನ ನಿಮ್ಮ ಸುತ್ತೋಲೆಯೊಡನೆ ಹೋಲಿಸಿಯೇ ಹೇಳಬೇಕೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಬರಹದಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದರೆ ದೋಷವೆಂದು ನಮಗೆ ಶಾಲೆಯಲ್ಲಿ ಕಲಿಸಿದ್ದಾರೆ, ಹಾಗಾಗಿ ‘ನೆಟೆ ರೋಗ’ ಎಂದು ಒಮ್ಮೆ ಬರೆದ ಮೇಲೆ ‘ಇದು’, ‘ಸದರಿ ರೋಗ’, ‘ಈ ಬಾಧೆ’ ಎಂದು ಬದಲಾಯಿಸುತ್ತೇವೆ. ಸಭೆಯಲ್ಲಿ ಅದರಿಂದ ಗೊಂದಲವಾಗುತ್ತದೆ. ಹಿಂದೆ ಕುಳಿತವರು, ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ ಬಂದವರು, ‘ಇದು’ ಯಾವುದೆಂದು ತಿಳಿಯದೆ ಪಕ್ಕದವರನ್ನು ಕೇಳುತ್ತಾರೆ. ಹೆಸರನ್ನೇ ಮತ್ತೆ ಹೇಳಿ. ಮಾತಿನಲ್ಲಿ ಪುನರುಕ್ತಿ ದೋಷವಲ್ಲ.

ಈಗ ಊರಿನ ನುಡಿಯ ಪ್ರಶ್ನೆ. ನನ್ನ ಅಭಿಪ್ರಾಯ ಇದರಲ್ಲಿ ಸ್ಪಷ್ಟವಾಗಿದೆ: ಕ್ರಿಯಾಪದದ ಕೊನೆಗಳನ್ನು ಅನುಕರಿಸಲು ಹೋಗಬೇಡಿ. ಉತ್ತರದ ಕನ್ನಡವೆಲ್ಲ ಒಂದೇ ಎಂದು ಭಾವಿಸಿ ಕಲಬುರಗಿಯ ಸಭೆಯಲ್ಲಿ ‘ರೋಗ ಐತಿ, ಹಂಗ ಐತಿ’ ಎನ್ನುವವರನ್ನು ನಾನು ಕಂಡಿದ್ದೇನೆ. ‘ಐತಿ’ ಧಾರವಾಡ, ಬಾಗಲಕೋಟೆ ಕಡೆಯದು, ಇಲ್ಲಿಯ ಜನ ‘ಅದ’ ಎನ್ನುತ್ತಾರೆ. ‘ಅದ’ ಎಂಬುದನ್ನು ಕಲಿತರೂ ಸಾಲದು. ಅದರ ಜೊತೆಗೆ ಸ್ವರದ ಎಳೆತ, ‘ಹೊಲದಾಗ’, ‘ನಿಮಗ’, ‘ಬ್ಯಾಡ್ರಿ’ ಎಲ್ಲವೂ ಹೊಂದಿಕೊಂಡು ಬರಬೇಕು. ಒಂದು ಬಂದು ಇನ್ನೊಂದು ಬಾರದಿದ್ದಾಗ ತಮ್ಮ ಮಾತನ್ನು ಅಣಕಿಸುತ್ತಿದ್ದಾರೆ ಎಂದು ಕೇಳುವವರಿಗೆ ಅನಿಸಬಹುದು. ಹಾಸನದ ಅಧಿಕಾರಿ ಹಾಸನದ ಕನ್ನಡದಲ್ಲಿ ನಿಧಾನವಾಗಿ, ಮರ್ಯಾದೆಯಿಂದ ಮಾತನಾಡಿದರೆ ಆಳಂದದವರಿಗೆ ಚೆನ್ನಾಗಿಯೇ ತಿಳಿಯುತ್ತದೆ.

ಎರವಲು ಪಡೆಯಬೇಕಾದದ್ದು ವಸ್ತುಗಳ ಮತ್ತು ಕೆಲಸಗಳ ಹೆಸರುಗಳನ್ನು. ‘ಕಟಾವು ಮತ್ತು ಒಕ್ಕಣೆ’ ಎಂಬಲ್ಲಿ ಇಲ್ಲಿಯವರು ‘ರಾಶಿ’ ಎನ್ನುತ್ತಾರೆ, ಪುಡಿಯನ್ನು ಬೀಜಕ್ಕೆ ‘ಲೇಪಿಸುವುದಿಲ್ಲ’, ‘ಹಚ್ಚುತ್ತಾರೆ’. ಮೊದಲ ಹಳ್ಳಿಗೆ ಹೋಗುವ ಮುಂಚೆ ಅಲ್ಲಿಯ ಒಬ್ಬ ರೈತರೊಡನೆ, ಸಾಧ್ಯವಾದರೆ ಒಬ್ಬ ರೈತ ಮಹಿಳೆಯೊಡನೆಯೂ, ಹೊಲದಲ್ಲಿ ಅರ್ಧ ಗಂಟೆ ನಿಂತು ಪ್ರತಿಯೊಂದು ಕೆಲಸಕ್ಕೂ ಅವರು ಏನೆನ್ನುತ್ತಾರೆಂದು ಕೇಳಿ ಬರೆದುಕೊಳ್ಳಿ. ಮಹಿಳೆಯರನ್ನು ವಿಶೇಷವಾಗಿ ಹೇಳಲು ಕಾರಣವಿದೆ: ಎಷ್ಟೋ ಮನೆಗಳಲ್ಲಿ ಬೀಜ ಹಸನು ಮಾಡುವವರು ಅವರೇ. ವ್ಯಾಕರಣದ ಕಡೆಯಿಂದ ನೀವು ತೆಗೆದುಕೊಳ್ಳಬಹುದಾದದ್ದು ಬಹುಶಃ ಒಂದೇ, ಅದು ಮರ್ಯಾದೆಯ ‘ರಿ’. ‘ನೋಡ್ರಿ’, ‘ಹೌದಲ್ರಿ’, ‘ಮಾಡ್ರಿ’ ಎಂಬುವು ಕೆಲವು ತಿಂಗಳು ಇಲ್ಲಿದ್ದವರ ಬಾಯಿಗೆ ತಾವಾಗಿಯೇ ಬರುತ್ತವೆ. ಬಂದಾಗ ತಡೆಯಬೇಡಿ, ಬಾರದಿದ್ದರೆ ಹಾಳೆಯಲ್ಲಿ ಬರೆದುಕೊಂಡು ಹೇಳಬೇಡಿ. ಹೋಲಿಕೆಗಾಗಿ, ಇಲ್ಲಿಯೇ ಹುಟ್ಟಿ ಬೆಳೆದ ನಿಮ್ಮ ಸಹೋದ್ಯೋಗಿಯೊಬ್ಬರು ಅದೇ ಮಾತನ್ನು ಹೀಗೆ ಹೇಳಿಯಾರು:

“ಹೋದ ವರ್ಷ ತೊಗರಿ ಹೂವಿಗೆ ಬಂದಾಗ ಕೆಲವು ಗಿಡ ನಿಂತಲ್ಲೇ ಒಣಗಿದ್ವು, ನೋಡೀರಿಲ್ರಿ? ಅದೇ ನೆಟಿ ರೋಗ. ಅದು ಮಣ್ಣಾಗೇ ಇರ್ತದ. ಗಿಡ ಒಣಗಿದ ಮ್ಯಾಲ ಎಣ್ಣಿ ಹೊಡದ್ರ ರೊಕ್ಕ ಹೋಗ್ತದ, ಗಿಡ ಬರಂಗಿಲ್ಲ. ಏನ್ ಮಾಡೂದಿದ್ರೂ ಬಿತ್ತೂಕಿಂತ ಮೊದಲ ಮಾಡ್ರಿ.”

ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಪದಗಳ ಕೊನೆಗಳು ಬೇರೆಯಾಗಿದ್ದರೂ ವಾಕ್ಯದ ಕಟ್ಟು ಒಂದೇ ಎಂಬುದು ಕಾಣುತ್ತದೆ. ಕಟ್ಟನ್ನು ಮುಟ್ಟದೆ ಕೊನೆಗಳನ್ನಷ್ಟೇ ಬದಲಾಯಿಸಿದಾಗ ‘ನೆಟಿ ರೋಗದ ಪರಿಣಾಮಕಾರಿ ನಿಯಂತ್ರಣಕ್ಕಾಗಿ ಬೀಜೋಪಚಾರ ಕೈಗೊಳ್ಳೂದು ಅವಶ್ಯ ಅದರಿ’ ಎಂಬಂಥ ವಾಕ್ಯ ಹುಟ್ಟುತ್ತದೆ, ಅದು ಕಡತಕ್ಕೂ ಸಲ್ಲದು, ಕಟ್ಟೆಗೂ ಸಲ್ಲದು. ಸ್ಥಳೀಯರಾಗಿದ್ದೂ ಹೀಗೆ ಮಾತನಾಡುವ ಅಧಿಕಾರಿಗಳಿದ್ದಾರೆ.

ಭಾಷಣದ ಆರಂಭದಲ್ಲಿ ವೇದಿಕೆಯ ಮೇಲಿನವರನ್ನು ಹೆಸರಿಸುವ ಭಾಗವನ್ನು ಹೀಗೆ ಬಿಡಿಸುವ ಅಗತ್ಯವಿಲ್ಲ. ಅಲ್ಲಿ ಶಿಷ್ಟ ಕನ್ನಡವನ್ನೇ ಜನ ನಿರೀಕ್ಷಿಸುತ್ತಾರೆ, ಅದನ್ನು ಹಾಗೆಯೇ ಇಟ್ಟು ಬೇಗ ಮುಗಿಸಿ.

ತಿದ್ದಿದ ಪ್ರತಿ ಸರಿಯಾಗಿದೆಯೇ ಎಂದು ತಿಳಿಯಲು ಕಣ್ಣಿನಿಂದ ಓದುವುದು ಸಾಲದು, ಏಕೆಂದರೆ ಬರೆದವರ ಕಣ್ಣಿಗೆ ಎಲ್ಲ ವಾಕ್ಯವೂ ಸುಲಭವೇ. ಕಚೇರಿಯ ಹೊರಗಿನ ಒಬ್ಬರಿಗೆ ಒಂದು ಭಾಗವನ್ನು ಒಮ್ಮೆ ಮಾತ್ರ ಹೇಳಿ, ‘ಈಗ ನೀವು ಏನು ಮಾಡುತ್ತೀರಿ?’ ಎಂದು ಕೇಳಿ. ‘ತಿಳಿಯಿತೇ?’ ಎಂದು ಕೇಳಿದರೆ ಎಲ್ಲರೂ ತಿಳಿಯಿತು ಎಂದೇ ಹೇಳುತ್ತಾರೆ, ಅದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಅವರು ತಮ್ಮ ಮಾತಿನಲ್ಲಿ ಮರಳಿ ಹೇಳುವಾಗ ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ವಾಕ್ಯ ಇನ್ನೂ ಗಂಟಾಗಿಯೇ ಇದೆ. ಅವರು ಅದನ್ನು ಬೇರೆ ರೀತಿಯಲ್ಲಿ, ನಿಮಗಿಂತ ಚೆನ್ನಾಗಿ ಹೇಳಿದರೆ ಆ ವಾಕ್ಯವನ್ನು ತೆಗೆದುಕೊಳ್ಳಿ. ಇನ್ನೊಂದು ಪರೀಕ್ಷೆ ಫೋನಿನಲ್ಲಿ ನಿಮ್ಮ ಮಾತನ್ನು ಧ್ವನಿಮುದ್ರಿಸಿ ಕೇಳುವುದು. ಅಲ್ಲಿ ಗಮನಿಸಬೇಕಾದದ್ದು ಉಸಿರನ್ನು. ವಾಕ್ಯದ ನಡುವೆ, ಅರ್ಥ ಮುರಿಯುವ ಜಾಗದಲ್ಲಿ ಉಸಿರೆಳೆದುಕೊಂಡಿದ್ದರೆ ಆ ವಾಕ್ಯ ನಿಮಗೇ ಉದ್ದವಾಗಿದೆ.

ಸಭೆಗೆ ಹೋಗುವಾಗ ಪೂರ್ತಿ ಬರೆದ ಪ್ರತಿಯನ್ನು ಕೈಯಲ್ಲಿ ಹಿಡಿಯಬೇಡಿ. ವಾಕ್ಯಗಳು ಕಣ್ಣೆದುರಿಗಿದ್ದರೆ ಓದದೆ ಇರುವುದು ಯಾರಿಂದಲೂ ಆಗುವುದಿಲ್ಲ, ಓದಲು ತೊಡಗಿದೊಡನೆ ದನಿ ಮತ್ತೆ ಸುತ್ತೋಲೆಯದಾಗುತ್ತದೆ. ಅಂಗೈಯಗಲದ ಒಂದು ಚೀಟಿಯಲ್ಲಿ, ಮರೆತರೆ ತಪ್ಪಾಗುವುದನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ ಬರೆದುಕೊಳ್ಳಿ: ‘ಒಣಗಿದ ಗಿಡ, ಕಪ್ಪು ಗೆರೆ. ಮಣ್ಣು. ಟಿಎಸ್ 3ಆರ್. ಕಿಲೋಗೆ 4, ಎಕರೆಗೆ 20. ನೆರಳು. ಕಿತ್ತು ಸುಡುವುದು. ಆಧಾರ್, ಎಫ್‌ಐಡಿ, ಪಹಣಿ.’ ಅಂಕಿಯನ್ನು ಹೇಳುವಾಗ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ನೋಡಿಕೊಂಡೇ ಹೇಳಿ. ಅಂಕಿಯನ್ನು ನೋಡಿ ಹೇಳುವುದರಿಂದ ಯಾರ ಗೌರವವೂ ಕಡಿಮೆಯಾಗುವುದಿಲ್ಲ. ಚೀಟಿಯ ಹಿಂಬದಿಯನ್ನು ಖಾಲಿ ಬಿಡಿ. ಮಾತು ಮುಗಿದ ಮೇಲೆ ರೈತರು ಕೇಳುವ ಪ್ರಶ್ನೆಗಳನ್ನು, ಅವರು ಕೇಳಿದ ಪದಗಳಲ್ಲಿಯೇ, ಅಲ್ಲಿ ಬರೆದುಕೊಂಡು, ಮುಂದಿನ ಹಳ್ಳಿಯಲ್ಲಿ ಆ ಪ್ರಶ್ನೆಯಿಂದಲೇ ಮಾತನ್ನು ಆರಂಭಿಸಿ.